ಹೆಸರು ಒಂದೇ, ಚಾನೆಲ್ ಬೇರೆ: ಅಸಲಿಯನ್ನು ಗುರುತಿಸುವುದು ಹೇಗೆ?



2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿತು. ನಿಮ್ಮಲ್ಲಿ ಹಲವರು ಅದನ್ನು ಶಾಲೆಯಲ್ಲೋ ಮನೆಯಲ್ಲೋ ನೇರವಾಗಿ ನೋಡಿರುತ್ತೀರಿ. ಇಸ್ರೋದ ಯೂಟ್ಯೂಬ್ ಚಾನೆಲ್‌ನಲ್ಲಿ ಆ ಪ್ರಸಾರವನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಆ ಚಾನೆಲ್‌ನ ಹೆಸರು ISRO Official.

ಈಗ ಒಂದು ಸಣ್ಣ ಪ್ರಶ್ನೆ. ISRO Official ಎಂಬ ಒಂದೇ ಹೆಸರು, ಒಂದೇ ಲಾಂಛನ ಇರುವ ಎರಡು ಚಾನೆಲ್ ನಿಮ್ಮ ಮುಂದೆ ಇವೆ ಅಂದುಕೊಳ್ಳಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದೆ:

```
@isroofficial5866
@isroofficial_yuvika
```

ಅಸಲಿ ಯಾವುದು? ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಎರಡನೆಯದರ ಕಡೆ ಕೈ ತೋರಿಸುತ್ತಾರೆ. ಮೊದಲನೆಯದರ ಕೊನೆಯಲ್ಲಿ 5866 ಅಂತ ಅರ್ಥವಿಲ್ಲದ ಅಂಕಿ ಇದೆ, ಯಾರೋ ಗಡಿಬಿಡಿಯಲ್ಲಿ ಮಾಡಿದ ಹಾಗಿದೆ, ಹಾಗಾಗಿ ಅದೇ ನಕಲಿ ಅನ್ನುವುದು ಅವರ ತರ್ಕ. ಆದರೆ ಚಂದ್ರಯಾನ-3ರ ಇಳಿಯುವಿಕೆಯನ್ನು ತೋರಿಸಿದ ಇಸ್ರೋದ ನಿಜವಾದ ಚಾನೆಲ್‌ನ ಹ್ಯಾಂಡಲ್ ಇದ್ದದ್ದೇ @isroofficial5866. ಎರಡನೆಯದು ಈ ಲೇಖನಕ್ಕಾಗಿ ನಾನು ಉದಾಹರಣೆಗೆ ಕಟ್ಟಿದ್ದು.

ಅಂದರೆ ನೋಟಕ್ಕೆ ಚೆಂದ ಕಂಡದ್ದು ಅಸಲಿ, ವಿಚಿತ್ರವಾಗಿ ಕಂಡದ್ದು ನಕಲಿ ಅಂತ ತೀರ್ಮಾನಿಸಿದರೆ ಇಲ್ಲಿ ನೇರ ಮೋಸ ಹೋಗುತ್ತೇವೆ. ಹಾಗಾದರೆ ಯಾವುದನ್ನು ನೋಡಬೇಕು? ಮೂರು ವಿಷಯ: ಹ್ಯಾಂಡಲ್, ಚಾನೆಲ್ ಶುರುವಾದ ದಿನಾಂಕ, ಮತ್ತು ಅದಕ್ಕೆ ಜೋಡಿಸಿದ ವೆಬ್‌ಸೈಟ್. ಇವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಕಾಗೋದಿಲ್ಲ, ಒಂದರ ಪಕ್ಕ ಒಂದು ಇಟ್ಟು ಹೋಲಿಸಬೇಕು. ಅದು ಹೇಗೆ ಅಂತ ನೋಡೋಣ.

ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಬರೆದವರು ಯಾರು?

ಒಂದು ಚಾನೆಲ್‌ನ ಪುಟ ತೆರೆದಾಗ ಹತ್ತಾರು ಮಾಹಿತಿ ಕಣ್ಣಿಗೆ ಬೀಳುತ್ತದೆ. ಅವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರತಿಯೊಂದರ ಬಗ್ಗೆಯೂ ‘ಇದನ್ನು ಬರೆದದ್ದು ಯಾರು?’ ಅಂತ ಕೇಳಿಕೊಂಡರೆ ಅವು ತಾವಾಗಿಯೇ ಮೂರು ಗುಂಪಾಗುತ್ತವೆ.

ಮೊದಲ ಗುಂಪು ಚಾನೆಲ್ ನಡೆಸುವವರೇ ತುಂಬಿದ್ದು. ಚಾನೆಲ್‌ನ ಹೆಸರು, ಲಾಂಛನದ ಚಿತ್ರ, ಮೇಲಿನ ದೊಡ್ಡ ಬ್ಯಾನರ್, ‘ನಮ್ಮ ಬಗ್ಗೆ’ ಎಂಬ ವಿವರಣೆ, ಅವರು ಹಾಕಿಕೊಂಡ ಲಿಂಕ್‌ಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ಯೂಟ್ಯೂಬ್‌ನಲ್ಲಿ ಚಾನೆಲ್‌ನ ಹೆಸರು ಒಬ್ಬರಿಗೇ ಮೀಸಲಲ್ಲ. ಒಂದೇ ಹೆಸರಿನ ಸಾವಿರ ಚಾನೆಲ್ ಇರಬಹುದು. ನಮ್ಮ ತರಗತಿಯಲ್ಲಿ ಇಬ್ಬರು ಮಂಜುನಾಥ ಇದ್ದ ಹಾಗೆ. ಲಾಂಛನವನ್ನು ಇಳಿಸಿಕೊಂಡು ಹಾಕುವುದಕ್ಕೆ ಒಂದು ನಿಮಿಷ ಸಾಕು. ಹೀಗಾಗಿ ಈ ಗುಂಪಿನ ಮಾಹಿತಿ ಸಾಕ್ಷಿ ಅನ್ನಿಸಿಕೊಳ್ಳುವುದಿಲ್ಲ. ಅದು ಆ ಚಾನೆಲ್ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಅಷ್ಟೇ.

ಎರಡನೆಯ ಗುಂಪು ಯೂಟ್ಯೂಬ್ ಸಂಸ್ಥೆಯೇ ದಾಖಲಿಸಿದ್ದು. ಚಾನೆಲ್ ಶುರುವಾದ ದಿನಾಂಕ, ಪ್ರತಿ ವಿಡಿಯೊ ಪ್ರಕಟವಾದ ದಿನಾಂಕ ಇಲ್ಲಿ ಬರುತ್ತವೆ. ಚಾನೆಲ್ ನಡೆಸುವವರು ಇವನ್ನು ಹಿಂದಕ್ಕೆ ತಳ್ಳಿ ತಿದ್ದಲು ಆಗುವುದಿಲ್ಲ.

ಮೂರನೆಯ ಗುಂಪು ಚಾನೆಲ್‌ನ ಹೊರಗೆ ಬೇರೆಯವರು ಬರೆದದ್ದು. ಇಸ್ರೋದ ಸ್ವಂತ ವೆಬ್‌ಸೈಟಿನಲ್ಲಿ ‘ನಮ್ಮ ಯೂಟ್ಯೂಬ್ ಚಾನೆಲ್ ಇದು’ ಅಂತ ಕೊಟ್ಟ ಲಿಂಕ್ ಇದಕ್ಕೆ ಉದಾಹರಣೆ. ನಕಲಿ ಚಾನೆಲ್ ಮಾಡಿದವನ ಕೈ ಅಲ್ಲಿಗೆ ಮುಟ್ಟುವುದಿಲ್ಲ.

ಹ್ಯಾಂಡಲ್ ಮೊದಲೆರಡು ಗುಂಪುಗಳ ನಡುವೆ ಬರುತ್ತದೆ. ಅದನ್ನು ಆರಿಸುವುದು ಚಾನೆಲ್‌ನವರೇ. ಆದರೆ ಒಂದು ಹ್ಯಾಂಡಲ್ ಒಬ್ಬರಿಗೇ ಸಿಗುವಂತೆ ನೋಡಿಕೊಳ್ಳುವುದು ಯೂಟ್ಯೂಬ್. ಇದರಿಂದಲೇ ಶುರು ಮಾಡೋಣ.

ಹ್ಯಾಂಡಲ್: ಅಕ್ಷರ ಅಕ್ಷರವಾಗಿ ಓದಿ

@ ಚಿಹ್ನೆಯಿಂದ ಶುರುವಾಗುವ ಹ್ಯಾಂಡಲ್ ಎಂಬ ವ್ಯವಸ್ಥೆ ಯೂಟ್ಯೂಬ್‌ಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಹೆಸರು ನಿಮ್ಮ ಹೆಸರಿನ ಹಾಗೆ, ಹ್ಯಾಂಡಲ್ ನಿಮ್ಮ ಹಾಲ್ ಟಿಕೆಟ್ ನಂಬರಿನ ಹಾಗೆ. ತರಗತಿಯಲ್ಲಿ ಇಬ್ಬರು ಮಂಜುನಾಥ ಇದ್ದರೂ ಹಾಲ್ ಟಿಕೆಟ್ ನಂಬರ್ ಒಂದೇ ಇರುವುದಿಲ್ಲ.

ಆಗ ತಾವಾಗಿ ಹ್ಯಾಂಡಲ್ ಆರಿಸಿಕೊಳ್ಳದ ಚಾನೆಲ್‌ಗಳಿಗೆ ಯೂಟ್ಯೂಬ್ ತಾನೇ ಒಂದು ಹ್ಯಾಂಡಲ್ ಕೊಟ್ಟಿತು. ಬೇಕಾದ ಹೆಸರು ಬೇರೆಯವರ ಪಾಲಾಗಿದ್ದರೆ ಹಲವು ಸಲ ಕೊನೆಗೆ ಅಂಕಿಗಳನ್ನು ಸೇರಿಸಿತು. ಹಾಗಾಗಿ ಕೊನೆಯಲ್ಲಿ ಅಂಕಿ ಇರುವ ಅಸಲಿ ಚಾನೆಲ್‌ಗಳು ಬೇಕಾದಷ್ಟಿವೆ. ಇನ್ನು ಕೆಲವು ಅಸಲಿ ಚಾನೆಲ್‌ಗಳ ಹೆಸರಿಗೂ ವಿಳಾಸಕ್ಕೂ ಪೂರ್ತಿ ಹೊಂದಿಕೆ ಇರುವುದಿಲ್ಲ. ಕೇರಳದಲ್ಲಿ 2020ರ ಜೂನ್ 1ರಿಂದ ‘ಫಸ್ಟ್ ಬೆಲ್’ ಪಾಠಗಳನ್ನು ಕೊಟ್ಟ ಕೈಟ್ ವಿಕ್ಟರ್ಸ್ ನಮ್ಮ ಕಾಸರಗೋಡಿನ ಮಕ್ಕಳಿಗೆ ಗೊತ್ತಿರುವ ಹೆಸರು. ಅದರ ಯೂಟ್ಯೂಬ್ ವಿಳಾಸದಲ್ಲಿ ಇದ್ದ ಪದ itsvicters. ಅದರಲ್ಲಿ ‘ಕೈಟ್’ ಅಂತ ಎಲ್ಲೂ ಇಲ್ಲ. ಹಾಗಂತ ಅದು ನಕಲಿಯೇನೂ ಅಲ್ಲ.

ಹಾಗಾದರೆ ಹ್ಯಾಂಡಲ್ ನೋಡಿ ಏನು ಪ್ರಯೋಜನ? ಹ್ಯಾಂಡಲ್ ಒಂದನ್ನೇ ನೋಡಿ ಅಸಲಿಯೋ ನಕಲಿಯೋ ಹೇಳಲಿಕ್ಕೆ ಆಗುವುದಿಲ್ಲ ನಿಜ. ಆದರೆ ಒಂದು ಹ್ಯಾಂಡಲ್ಲನ್ನು ಇನ್ನೊಂದರ ಜೊತೆ ಹೋಲಿಸಿ ‘ಇವೆರಡೂ ಒಂದೇ ಚಾನೆಲ್ಲೋ ಬೇರೆಬೇರೆಯೋ’ ಅಂತ ಖಚಿತವಾಗಿ ಹೇಳಬಹುದು. ಒಂದು ಅಕ್ಷರ ವ್ಯತ್ಯಾಸ ಇದ್ದರೂ ಅದು ಬೇರೆ ಚಾನೆಲ್.

ಆ ಒಂದು ಅಕ್ಷರವನ್ನೇ ನಕಲಿ ಮಾಡುವವರು ಬಳಸಿಕೊಳ್ಳುತ್ತಾರೆ. ಸಣ್ಣ l ಬದಲು ಅಂಕಿ 1, o ಬದಲು ಸೊನ್ನೆ, m ಬದಲು r ಮತ್ತು n ಒತ್ತೊತ್ತಾಗಿ, ನಡುವೆ ಒಂದು ಅಡಿಗೆರೆ ಅಥವಾ ಚುಕ್ಕಿ. ಮೊಬೈಲಿನ ಸಣ್ಣ ಪರದೆಯಲ್ಲಿ ಇವು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. ಇವೆಲ್ಲಕ್ಕಿಂತ ಕಷ್ಟದ್ದು ದೊಡ್ಡಕ್ಷರದ I. ಹಲವು ಅಕ್ಷರಶೈಲಿಗಳಲ್ಲಿ ಅದೂ ಸಣ್ಣ l ಕೂಡ ಒಂದೇ ಕಡ್ಡಿಯ ಹಾಗೆ ಕಾಣುತ್ತವೆ.

ಕಣ್ಣನ್ನು ನಂಬದೆ ಪರೀಕ್ಷೆ ಮಾಡುವ ಒಂದು ದಾರಿ ಇದೆ. ನಿಮಗೆ ಬಂದ ಲಿಂಕನ್ನು ಒತ್ತಬೇಡಿ, ಕಾಪಿ ಕೂಡ ಮಾಡಬೇಡಿ. ಬ್ರೌಸರಿನ ವಿಳಾಸದ ಜಾಗದಲ್ಲಿ youtube.com/ ಅಂತ ಬರೆದು, ಮುಂದೆ ನಿಮಗೆ ಕಂಡ ಹಾಗೆ ಹ್ಯಾಂಡಲ್ಲನ್ನು ನಿಮ್ಮ ಕೈಯಾರೆ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಹ್ಯಾಂಡಲ್‌ಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ ಲೆಕ್ಕ, ಆದ್ದರಿಂದ ಇದರಿಂದ ತೊಂದರೆ ಆಗುವುದಿಲ್ಲ. ನೀವು l ಅಂದುಕೊಂಡದ್ದು ನಿಜವಾಗಿ I ಅಥವಾ 1 ಆಗಿದ್ದರೆ, ಈಗ ತೆರೆಯುವ ಪುಟ ಬೇರೆಯೇ ಆಗಿರುತ್ತದೆ, ಇಲ್ಲವೇ ಪುಟ ಸಿಗುವುದೇ ಇಲ್ಲ. ನಿಮ್ಮ ಕಣ್ಣು ಎಲ್ಲಿ ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹ್ಯಾಂಡಲ್ಲನ್ನು ಚಾನೆಲ್‌ನವರು ಮುಂದೆ ಬದಲಿಸಬಹುದು. ಹಾಗಾಗಿ ಈ ಲೇಖನದಲ್ಲಿರುವ ಹ್ಯಾಂಡಲ್ಲನ್ನು ಬಾಯಿಪಾಠ ಮಾಡಿ ಇಟ್ಟುಕೊಳ್ಳಬೇಡಿ. ಅಂದಂದಿಗೆ ಸರಿಯಾದದ್ದನ್ನು ಎಲ್ಲಿ ಹುಡುಕಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಶುರುವಾದ ದಿನಾಂಕ: ಒಂಟಿಯಾಗಿ ಓದಬೇಡಿ

ಚಾನೆಲ್‌ನ ಪುಟದಲ್ಲಿ ಹೆಸರಿನ ಕೆಳಗೆ ಒಂದೆರಡು ಸಾಲು ವಿವರಣೆ ಇದ್ದು, ಕೊನೆಗೆ ...more ಅಂತ ಕಾಣುತ್ತದೆ. ಅದನ್ನು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಚಾನೆಲ್‌ನ ಪೂರ್ತಿ ವಿಳಾಸ, ಚಂದಾದಾರರ ಸಂಖ್ಯೆ, ಎಷ್ಟು ವಿಡಿಯೊ ಇವೆ, ಒಟ್ಟು ಎಷ್ಟು ಸಲ ನೋಡಲಾಗಿದೆ ಎಂಬುದರ ಜೊತೆಗೆ Joined ಅಂತ ಒಂದು ದಿನಾಂಕ ಇರುತ್ತದೆ. ಈ ಚಾನೆಲ್ ಹುಟ್ಟಿದ ದಿನ ಅದು.

ಹಲವು ವರ್ಷಗಳಿಂದ ಇರುವ ಸಂಸ್ಥೆಯ ‘ಅಧಿಕೃತ ಚಾನೆಲ್’ ಅಂತ ಹೇಳಿಕೊಂಡದ್ದು ಹುಟ್ಟಿದ್ದು ಎರಡು ವಾರದ ಹಿಂದೆ ಅಂದರೆ ಅನುಮಾನ ಬರಲೇಬೇಕು. ನಕಲಿ ಚಾನೆಲ್‌ಗಳ ಆಯುಸ್ಸು ಸಾಮಾನ್ಯವಾಗಿ ಕಡಿಮೆ. ದೂರು ಬಂದು ಮುಚ್ಚಿದರೆ ಮಾಡಿದವರು ಇನ್ನೊಂದು ತೆರೆಯುತ್ತಾರೆ. ಹಾಗಾಗಿ ಅವುಗಳ ದಿನಾಂಕ ಹೊಸದಾಗಿಯೇ ಇರುವುದು ಹೆಚ್ಚು.

ಆದರೆ ದಿನಾಂಕ ಎರಡು ರೀತಿಯಲ್ಲಿ ನಮ್ಮನ್ನು ದಾರಿ ತಪ್ಪಿಸಬಹುದು.

ಒಂದು, ಹೊಸದಾಗಿದ್ದರೂ ಅಸಲಿ ಇರಬಹುದು. ಒಂದು ಇಲಾಖೆ ಈ ವರ್ಷವಷ್ಟೇ ಕನ್ನಡ ಪಾಠಗಳಿಗೆ ಬೇರೆ ಚಾನೆಲ್ ತೆರೆದಿರಬಹುದು. ಹೊಸತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಿದರೆ ಒಳ್ಳೆಯ ಪಾಠ ಕಳೆದುಕೊಳ್ಳುವವರು ನಾವೇ. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ನಮ್ಮ ರಾಜ್ಯದ ಪಠ್ಯಕ್ರಮದ ವಿಡಿಯೊ ಕನ್ನಡದಲ್ಲಿ ಸಿಗುವುದೇ ಅಪರೂಪ ಅಲ್ವಾ?

ಎರಡು, ಹಳೆಯದಾಗಿದ್ದರೂ ನಕಲಿ ಇರಬಹುದು. ಇದಕ್ಕೆ ನಿಜವಾಗಿ ನಡೆದ ಘಟನೆ ಇದೆ. 2020ರ ಜೂನ್‌ನಲ್ಲಿ ಮೋಸಗಾರರು ಬೇರೆಯವರ ಮೂರು ಹಳೆಯ ಯೂಟ್ಯೂಬ್ ಚಾನೆಲ್‌ಗಳನ್ನು ವಶಪಡಿಸಿಕೊಂಡರು. ಅವುಗಳ ಹೆಸರನ್ನೂ ಚಿತ್ರವನ್ನೂ ಅಮೆರಿಕದ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನ ಹಾಗೆ ಬದಲಿಸಿದರು. ಇಲಾನ್ ಮಸ್ಕ್ ಮಾತಾಡಿದ ಹಳೆಯ ವಿಡಿಯೊವನ್ನು ‘ನೇರ ಪ್ರಸಾರ’ ಅಂತ ಓಡಿಸಿ, ‘ಬಿಟ್‌ಕಾಯಿನ್ ಕಳುಹಿಸಿದರೆ ಎರಡು ಪಟ್ಟು ವಾಪಸ್’ ಅಂತ ಪರದೆಯ ಮೇಲೆ ಹಾಕಿದರು. ಎರಡೇ ದಿನದಲ್ಲಿ ಸುಮಾರು 1,50,000 ಡಾಲರ್ ಬೆಲೆಯ ಬಿಟ್‌ಕಾಯಿನ್ ಅವರ ಖಾತೆ ಸೇರಿತು. ಆ ಚಾನೆಲ್‌ಗಳು ಹಳೆಯವು, ಅವಕ್ಕೆ ಮೊದಲೇ ಚಂದಾದಾರರೂ ಇದ್ದರು. ಹೆಸರು ಬದಲಾದರೂ Joined ದಿನಾಂಕ ಬದಲಾಗುವುದಿಲ್ಲವಾದ್ದರಿಂದ, ದಿನಾಂಕ ಮಾತ್ರ ನೋಡಿದವರಿಗೆ ಅದು ಹಳೆಯ ನಂಬಿಕಸ್ತ ಚಾನೆಲ್ಲೇ ಅನ್ನಿಸುತ್ತದೆ.

ಇದನ್ನು ಹಿಡಿಯಲು ಆ ದಿನಾಂಕವನ್ನು ಇನ್ನೊಂದು ದಿನಾಂಕದ ಜೊತೆ ಹೋಲಿಸಬೇಕು. ಚಾನೆಲ್‌ನ Videos ವಿಭಾಗಕ್ಕೆ ಹೋಗಿ Oldest ಅಂತ ಆರಿಸಿ. ಅತಿ ಹಳೆಯ ವಿಡಿಯೊ ಮೊದಲು ಬರುತ್ತದೆ. ಸಂಸ್ಥೆಯ ನಿಜವಾದ ಚಾನೆಲ್‌ನಲ್ಲಿ ಹುಟ್ಟಿದ ದಿನದಿಂದ ಈಗಿನವರೆಗೆ ವಿಡಿಯೊಗಳು ಹರಡಿಕೊಂಡಿರುತ್ತವೆ. ಅಲ್ಲೊಂದು ಉಪಗ್ರಹ ಉಡಾವಣೆ, ಇಲ್ಲೊಂದು ಭಾಷಣ, ಮತ್ತೊಂದು ಪರೀಕ್ಷೆಯ ದೃಶ್ಯ. ಚಾನೆಲ್ ಹುಟ್ಟಿದ್ದು ಹತ್ತು ವರ್ಷದ ಹಿಂದೆ, ಆದರೆ ಈಗಿರುವ ಅತಿ ಹಳೆಯ ವಿಡಿಯೊ ಕಳೆದ ಮಂಗಳವಾರದ್ದು ಅಂದರೆ, ನಡುವಿನ ಹತ್ತು ವರ್ಷ ಎಲ್ಲಿ ಹೋಯಿತು? ಯಾರೋ ಹಳೆಯ ವಿಡಿಯೊಗಳನ್ನು ಅಳಿಸಿರಬಹುದು ಅಥವಾ ಮರೆಮಾಡಿರಬಹುದು. ಕದ್ದ ಅಥವಾ ಕೊಂಡುಕೊಂಡ ಚಾನೆಲ್‌ನಲ್ಲಿ ಕಾಣುವ ಗುರುತು ಇದೇ. ಕೆಲವೊಮ್ಮೆ ಅಳಿಸುವುದನ್ನೂ ಮರೆತಿರುತ್ತಾರೆ. ಆಗ ‘ಬಾಹ್ಯಾಕಾಶ ಸಂಸ್ಥೆ’ಯ ಚಾನೆಲ್‌ನಲ್ಲಿ ಕೆಳಗೆ ಹೋದ ಹಾಗೆ ಅಡುಗೆ ವಿಡಿಯೊನೋ ವಿಡಿಯೊ ಗೇಮ್‌ಗಳೋ ಸಿಗುತ್ತವೆ.

ವೆಬ್‌ಸೈಟ್: ಹೋಗುವ ದಾರಿ, ಬರುವ ದಾರಿ

ಚಾನೆಲ್‌ನ ಅದೇ ಪಟ್ಟಿಯಲ್ಲಿ ವೆಬ್‌ಸೈಟ್ ಲಿಂಕ್‌ಗಳೂ ಇರುತ್ತವೆ. ಹಲವರು ಇಲ್ಲಿ ತಪ್ಪುತ್ತಾರೆ. ‘ಈ ಚಾನೆಲ್‌ನಲ್ಲಿ isro.gov.in ಅಂತ ಲಿಂಕ್ ಇದೆ ಸರ್, ಒತ್ತಿ ನೋಡಿದೆ, ಇಸ್ರೋದ ನಿಜವಾದ ವೆಬ್‌ಸೈಟೇ ತೆರೆಯಿತು. ಹಾಗಾಗಿ ಚಾನೆಲ್ ಅಸಲಿ’ ಅನ್ನುತ್ತಾರೆ. ಈ ವಾದದಲ್ಲಿ ಒಂದು ತೂತು ಇದೆ. ನಿಮ್ಮ ನೋಟ್‌ಬುಕ್‌ನ ಮೇಲೆ ‘ಇಸ್ರೋ, ಬೆಂಗಳೂರು’ ಅಂತ ನೀವು ಬರೆದುಕೊಳ್ಳಬಹುದು. ಆ ವಿಳಾಸ ನಿಜ. ಹಾಗಂತ ನೋಟ್‌ಬುಕ್ ಇಸ್ರೋದ್ದಾಗುತ್ತದೆಯೇ? ಯಾರು ಬೇಕಾದರೂ ತಮ್ಮ ಚಾನೆಲ್‌ನಲ್ಲಿ ಯಾವ ವೆಬ್‌ಸೈಟಿನ ಲಿಂಕ್ ಬೇಕಾದರೂ ಹಾಕಬಹುದು.

ನೋಡಬೇಕಾದದ್ದು ತಿರುಗಿ ಬರುವ ದಾರಿ. ಚಾನೆಲ್‌ನಿಂದ ವೆಬ್‌ಸೈಟಿಗೆ ಹೋಗುವ ಬದಲು ವೆಬ್‌ಸೈಟಿನಿಂದ ಚಾನೆಲ್‌ಗೆ ಬನ್ನಿ. ಬ್ರೌಸರಿನಲ್ಲಿ isro.gov.in ಅಂತ ನೀವೇ ಟೈಪ್ ಮಾಡಿ. ಪುಟದ ಮೇಲೋ ಕೆಳಗೋ ಸಾಮಾಜಿಕ ಜಾಲತಾಣಗಳ ಚಿಹ್ನೆಗಳ ಸಾಲಿನಲ್ಲಿ ಯೂಟ್ಯೂಬ್‌ನ ಚಿಹ್ನೆ ಹುಡುಕಿ ಒತ್ತಿ. ಈಗ ತೆರೆಯುವ ಚಾನೆಲ್‌ನ ಹ್ಯಾಂಡಲ್ ಬರೆದುಕೊಳ್ಳಿ. ನಿಮಗೆ ಅನುಮಾನ ಇರುವ ಚಾನೆಲ್‌ನ ಹ್ಯಾಂಡಲ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ. ಎರಡೂ ಒಂದೇ ಆದರೆ ಅದು ಇಸ್ರೋ ‘ನಮ್ಮದು’ ಅಂತ ಒಪ್ಪಿಕೊಂಡ ಚಾನೆಲ್. ಬೇರೆಯಾದರೆ ಅದು ‘ನಾನು ಇಸ್ರೋದವನು’ ಅಂತ ತಾನಾಗಿ ಹೇಳಿಕೊಳ್ಳುತ್ತಿರುವ ಚಾನೆಲ್.

ಕೆಲವು ವೆಬ್‌ಸೈಟುಗಳಿಂದ ಹೋದಾಗ ವಿಳಾಸದಲ್ಲಿ ಹ್ಯಾಂಡಲ್ ಬದಲು youtube.com/channel/ ಆದ ಮೇಲೆ UC ಯಿಂದ ಶುರುವಾಗುವ 24 ಅಕ್ಷರಗಳ ಉದ್ದ ಸಾಲು ಕಾಣಬಹುದು. ಅದು ಚಾನೆಲ್‌ಗೆ ಯೂಟ್ಯೂಬ್ ಕೊಟ್ಟ ಗುರುತಿನ ಸಂಖ್ಯೆ. ಹೆಸರು, ಹ್ಯಾಂಡಲ್ ಬದಲಾದರೂ ಇದು ಬದಲಾಗುವುದಿಲ್ಲ. ಗಾಬರಿಯಾಗಬೇಕಿಲ್ಲ, ತೆರೆದ ಪುಟದಲ್ಲಿ ಹೆಸರಿನ ಕೆಳಗೆ ಹ್ಯಾಂಡಲ್ ಇದ್ದೇ ಇರುತ್ತದೆ.

ಆದರೆ ಈ ಪರೀಕ್ಷೆಯ ಬಲವೆಲ್ಲ ನಿಂತಿರುವುದು ವೆಬ್‌ಸೈಟ್ ಅಸಲಿಯೇ ಎಂಬುದರ ಮೇಲೆ. ಅದನ್ನೂ ಓದಲು ಬರಬೇಕು. ಈ ಮೂರನ್ನು ನೋಡಿ:

```
isro.gov.in/yuvika
isro.gov.in.example.com/yuvika
isro-gov-in.example.com
```

ಮೂರರಲ್ಲೂ ಇಸ್ರೋ ಇದೆ, gov ಇದೆ, in ಇದೆ. ಆದರೆ ಮೊದಲನೆಯದು ಮಾತ್ರ ಇಸ್ರೋದ್ದು. ಓದುವ ಕ್ರಮ ಹೀಗೆ: https:// ಇದ್ದರೆ ಅದನ್ನು ಬಿಡಿ. ಆಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅದರ ಹಿಂದಿನಿಂದ ಬಲದಿಂದ ಎಡಕ್ಕೆ ಓದುತ್ತಾ ಬನ್ನಿ. ಓರೆಗೆರೆ ಇಲ್ಲದಿದ್ದರೆ ಕೊನೆಯಿಂದಲೇ ಓದಿ. ಅಂಚೆ ವಿಳಾಸದಲ್ಲಿ ಕೊನೆಗೆ ಬರುವುದು ದೊಡ್ಡ ಊರು ತಾನೇ? ಇಲ್ಲಿಯೂ ಹಾಗೆಯೇ. ‘ಕಾಸರಗೋಡು ಸ್ಟೋರ್ಸ್, ದಾದರ್, ಮುಂಬೈ’ ಅಂತ ಒಂದು ಬೋರ್ಡ್ ಇದ್ದರೆ ಆ ಅಂಗಡಿ ಇರುವುದು ಮುಂಬೈಯಲ್ಲಿ, ಕಾಸರಗೋಡು ಅದರ ಹೆಸರಿನಲ್ಲಿ ಮಾತ್ರ. ಹಾಗೆಯೇ ಎರಡನೆಯ ಮತ್ತು ಮೂರನೆಯ ವಿಳಾಸಗಳು example.com ಎಂಬ ಜಾಗದವು. ಇಸ್ರೋ ಅನ್ನುವುದು ಅವುಗಳ ಬೋರ್ಡಿನ ಮೇಲಿದೆ, ಅಷ್ಟೇ.

ಭಾರತದಲ್ಲಿ gov.in ಅಂತ ಕೊನೆಯಾಗುವ ವಿಳಾಸ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಬರೀ .in, .com, .org ಅನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. ನಮ್ಮ ಓದುಗರು ಬೇರೆಬೇರೆ ರಾಜ್ಯದವರಾದ್ದರಿಂದ ಇದನ್ನೂ ನೆನಪಿಡಿ: kerala.gov.in, tn.gov.in, maharashtra.gov.in, ap.gov.in, telangana.gov.in, goa.gov.in. ನಿಮ್ಮ ರಾಜ್ಯ ಸರ್ಕಾರದ ಹಲವು ವಿಳಾಸಗಳು ಹೀಗೆ ಕೊನೆಯಾಗುತ್ತವೆ. ಉದಾಹರಣೆಗೆ ಕೈಟ್‌ನದು kite.kerala.gov.in.

ಮೂರನ್ನೂ ಜೋಡಿಸಿ ಒಂದು ಲೆಕ್ಕ

ಇನ್ನು ಒಂದು ಪೂರ್ತಿ ಉದಾಹರಣೆ ಮಾಡೋಣ. ಸಂಸ್ಥೆಗಳು ನಿಜ, ನಕಲಿ ಚಾನೆಲ್ ಮಾತ್ರ ಕಲ್ಪನೆಯದು.

ಇಸ್ರೋ 2019ರಿಂದ ‘ಯುವಿಕಾ’ ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ ನಡೆಸುತ್ತಿದೆ. ಇದು 9ನೇ ತರಗತಿಯ ಮಕ್ಕಳಿಗೆ. ಆಯ್ಕೆಯಾದವರು ಇಸ್ರೋದ ಕೇಂದ್ರಗಳಿಗೆ ಹೋಗಿ ಕಲಿಯುತ್ತಾರೆ. ಒಂದು ದಿನ ನಿಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಯೂಟ್ಯೂಬ್ ಲಿಂಕ್ ಬರುತ್ತದೆ. ‘ಯುವಿಕಾ ಅರ್ಜಿಗೆ ನಾಳೆಯೇ ಕೊನೆಯ ದಿನ, 250 ರೂಪಾಯಿ ಶುಲ್ಕ, ಫಾರ್ಮ್ ಕೆಳಗಿದೆ.’ ಚಾನೆಲ್ ಹೆಸರು ISRO Official. ಲಾಂಛನ ಸರಿಯಾಗಿದೆ. ವಿಡಿಯೊದಲ್ಲಿ ಉಡಾವಣೆಯ ದೃಶ್ಯವೂ ಇದೆ. ಅದರ ಪಕ್ಕದಲ್ಲೇ ಅಪ್ಪನ ಫೋನ್‌ಪೇ ನಂಬರ್ ನಿಮಗೆ ಗೊತ್ತು. ದುಡ್ಡು ಹೋಗುವುದಕ್ಕೆ ಹತ್ತು ಸೆಕೆಂಡ್ ಸಾಕು.

ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆಯಿರಿ. ಎಡಗಡೆ ‘ಬಂದ ಚಾನೆಲ್’, ಬಲಗಡೆ ‘isro.gov.in ಮೂಲಕ ತೆರೆದ ಚಾನೆಲ್’ ಅಂತ ಬರೆಯಿರಿ.

ಮೊದಲ ಸಾಲು ಹ್ಯಾಂಡಲ್. ಎಡಗಡೆ @isroofficial_yuvika, ಬಲಗಡೆ @isroofficial5866. ಎರಡೂ ಬೇರೆ. ಅಂದರೆ ಇವು ಒಂದೇ ಚಾನೆಲ್ ಅಲ್ಲ ಅನ್ನುವುದು ಖಚಿತವಾಯಿತು. ಆದರೆ ಎಡಗಡೆಯದು ನಕಲಿ ಅಂತ ಇಷ್ಟಕ್ಕೇ ಹೇಳುವ ಹಾಗಿಲ್ಲ. ಯುವಿಕಾಕ್ಕೇ ಇಸ್ರೋ ಬೇರೆ ಚಾನೆಲ್ ಮಾಡಿರಬಾರದೇಕೆ? ಮುಂದೆ ಹೋಗೋಣ.

ಎರಡನೆಯ ಸಾಲು ದಿನಾಂಕ. ಎಡಗಡೆಯ ಚಾನೆಲ್ ಹುಟ್ಟಿದ್ದು 12 ದಿನದ ಹಿಂದೆ. ಒಟ್ಟು 6 ವಿಡಿಯೊ. ಅತಿ ಹಳೆಯದು 11 ದಿನದ ಹಿಂದಿನದು. ಆರರಲ್ಲಿ ಐದು ಹಳೆಯ ಉಡಾವಣೆಗಳ ತುಣುಕು, ಆರನೆಯದು ಶುಲ್ಕ ಕೇಳುವ ವಿಡಿಯೊ. ಬಲಗಡೆಯ ಚಾನೆಲ್‌ನಲ್ಲಿ ವರ್ಷಗಟ್ಟಲೆ ಹರಡಿದ ವಿಡಿಯೊಗಳಿವೆ. 2023ರ ಆಗಸ್ಟ್ 23ರ ನೇರ ಪ್ರಸಾರವೂ ಅದರಲ್ಲೇ ಇದೆ. ಅನುಮಾನ ಗಟ್ಟಿಯಾಯಿತು. ಆದರೆ ಹೊಸತು ಎಂಬುದೇ ಅಪರಾಧವಲ್ಲ ಅಂತ ಆಗಲೇ ಹೇಳಿದ್ದೇವೆ.

ಮೂರನೆಯ ಸಾಲು ವೆಬ್‌ಸೈಟ್. ಎಡಗಡೆಯ ಚಾನೆಲ್‌ನಲ್ಲಿ ಎರಡು ಲಿಂಕ್. ಮೊದಲನೆಯದು isro.gov.in. ಇದು ಅಸಲಿ, ಆದರೆ ಯಾರು ಬೇಕಾದರೂ ಹಾಕಬಹುದಾದದ್ದು. ಎರಡನೆಯದು ಫಾರ್ಮ್: isro.gov.in.example.com/yuvika. ಬಲದಿಂದ ಓದಿದರೆ ಅದು ಇಸ್ರೋದ್ದಲ್ಲ. ಇನ್ನು ತಿರುಗಿ ಬರುವ ದಾರಿ. isro.gov.in ನಲ್ಲಿ ಯುವಿಕಾ ಬಗ್ಗೆ ಇರುವ ಪ್ರಕಟಣೆ ತೆರೆದು ನೋಡಿದರೆ ಅಲ್ಲಿ ಈ ಚಾನೆಲ್‌ನ ಹೆಸರೇ ಇಲ್ಲ. ಯುವಿಕಾ ನೋಂದಣಿ ಹಿಂದಿನ ವರ್ಷಗಳಲ್ಲಿ ನಡೆದದ್ದು jigyasa.iirs.gov.in ಎಂಬ ತಾಣದಲ್ಲಿ. ಇದರಲ್ಲಿ ಇಸ್ರೋ ಎಂಬ ಪದವೇ ಇಲ್ಲ. ಆದರೂ ಬಲದಿಂದ ಓದಿ: gov.in, ಅದರ ಹಿಂದೆ iirs. ಅದು ಡೆಹ್ರಾಡೂನಿನಲ್ಲಿರುವ ಇಸ್ರೋದ್ದೇ ಸಂಸ್ಥೆ, ಭಾರತೀಯ ದೂರಸಂವೇದಿ ಸಂಸ್ಥೆ. ಇಸ್ರೋದ ಹೆಸರಿದ್ದ ಫಾರ್ಮ್ ಮೋಸದ್ದಾಯಿತು, ಹೆಸರಿಲ್ಲದ ತಾಣ ಅಸಲಿಯಾಯಿತು!

ಮೂರೂ ಸಾಲು ಒಂದೇ ಕಡೆ ಬೆರಳು ತೋರಿಸುತ್ತಿವೆ. ಇನ್ನೂ ಒಂದು ವಿಷಯ ಸೇರಿಸಿ ಗಟ್ಟಿ ಮಾಡಿಕೊಳ್ಳಬಹುದು. ಯುವಿಕಾಕ್ಕೆ ಆಯ್ಕೆಯಾದ ಮಕ್ಕಳ ಪ್ರಯಾಣ, ವಸತಿ, ಊಟದ ಖರ್ಚನ್ನು ಇಸ್ರೋವೇ ಕೊಡುತ್ತದೆ. ಹಾಗಿರುವಾಗ ಯಾವುದೋ ಯುಪಿಐ ನಂಬರಿಗೆ 250 ರೂಪಾಯಿ ಯಾಕೆ ಕೇಳಬೇಕು? ಲಿಂಕನ್ನು ಮುಂದೆ ಕಳುಹಿಸದೆ ಗುಂಪಿನಲ್ಲಿ ಕಾರಣ ಬರೆದು ತಿಳಿಸಿ. ಚಾನೆಲ್‌ನ ಅದೇ ಪಟ್ಟಿಯಲ್ಲಿರುವ ಬಾವುಟದ ಗುರುತು ಅಥವಾ Report ಎಂಬುದನ್ನು ಒತ್ತಿದರೆ ‘ಬೇರೆಯವರ ಸೋಗು’ ಅಂತ ಯೂಟ್ಯೂಬ್‌ಗೆ ದೂರು ಕೊಡಬಹುದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ಮನೆಯವರಿಗೆ ಹೇಳಲು ಹೆದರಬೇಡಿ. ತಡ ಮಾಡದೆ 1930 ಸಂಖ್ಯೆಗೆ ಅವರಿಂದ ಫೋನ್ ಮಾಡಿಸಿ. ಅದು ಸೈಬರ್ ಹಣ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಮೂರೂ ಸರಿಯಿದ್ದೂ ಏನೋ ಸರಿಯಿಲ್ಲ ಅನ್ನಿಸಿದಾಗ

ಯಾವ ಉಪಕರಣಕ್ಕೂ ಒಂದು ಮಿತಿ ಇರುತ್ತದೆ. ಈ ಪರೀಕ್ಷೆಯ ಮಿತಿ ಯಾವುದು ಅನ್ನುವುದಕ್ಕೆ 2024ರ ಸೆಪ್ಟೆಂಬರ್ 20ನ್ನು ನೋಡಿ. ಅಂದು ಭಾರತದ ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲೇ ಹ್ಯಾಕ್ ಆಯಿತು. ಸಂವಿಧಾನ ಪೀಠದ ವಿಚಾರಣೆಗಳು ನೇರ ಪ್ರಸಾರವಾಗುತ್ತಿದ್ದ ಚಾನೆಲ್ ಅದು. ಅದರ ಹೆಸರು ‘ರಿಪಲ್’ ಎಂಬ ಅಮೆರಿಕದ ಕ್ರಿಪ್ಟೊ ಕಂಪನಿಯ ಹೆಸರಾಗಿ ಬದಲಾಗಿ, ಕ್ರಿಪ್ಟೊ ಹಣದ ವಿಡಿಯೊ ಕಾಣಿಸಿಕೊಂಡಿತು.

ಇಂಥ ಹೊತ್ತಿನಲ್ಲಿ ನಮ್ಮ ಪರೀಕ್ಷೆ ಏನು ಹೇಳುತ್ತದೆ? ಕೋರ್ಟಿನ ವೆಬ್‌ಸೈಟಿನಿಂದ ಬಂದರೂ ತಲುಪುವುದು ಅದೇ ಚಾನೆಲ್‌ಗೆ. ಶುರುವಾದ ದಿನಾಂಕವೂ ಅದೇ. ಯಾಕೆಂದರೆ ಇದು ಸೋಗಿನ ಚಾನೆಲ್ ಅಲ್ಲ, ಕಳ್ಳ ಒಳಹೊಕ್ಕ ಅಸಲಿ ಚಾನೆಲ್. ಹ್ಯಾಂಡಲ್, ದಿನಾಂಕ, ವೆಬ್‌ಸೈಟ್ ಈ ಮೂರೂ ಮನೆ ಯಾರದ್ದು ಅಂತ ಹೇಳುತ್ತವೆ. ಈ ಗಳಿಗೆಯಲ್ಲಿ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳುವುದಿಲ್ಲ. ಅದಕ್ಕೆ ಚಾನೆಲ್ ಈಗ ಏನು ಮಾಡುತ್ತಿದೆ ಅಂತ ನೋಡಬೇಕು. ದಿಢೀರನೆ ಹೆಸರು ಬದಲಾಗಿದೆಯೇ, ಎಂದೂ ಇಲ್ಲದ ವಿಷಯ ಬಂದಿದೆಯೇ, ದುಡ್ಡು ಕೇಳುತ್ತಿದೆಯೇ? ಹಾಗಿದ್ದರೆ ಚಾನೆಲ್ ಅಸಲಿಯೇ ಆದರೂ ಅಂದಿನ ಮಾತನ್ನು ನಂಬಬೇಡಿ.

ಇನ್ನೊಂದು ಮಿತಿ ಸಣ್ಣ ಸಂಸ್ಥೆಗಳದ್ದು. ನಿಮ್ಮ ಶಾಲೆಗೆ ಯೂಟ್ಯೂಬ್ ಚಾನೆಲ್ ಇರಬಹುದು, ವೆಬ್‌ಸೈಟ್ ಇಲ್ಲದಿರಬಹುದು. ಆಗ ತಿರುಗಿ ಬರುವ ದಾರಿಯನ್ನು ಬೇರೆ ಕಡೆ ಹುಡುಕಿ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಮುಖ್ಯೋಪಾಧ್ಯಾಯರು ಹಾಕಿದ ವಿಳಾಸ, ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡ್, ಇಲ್ಲವೇ ನೇರವಾಗಿ ನಿಮ್ಮ ಟೀಚರ್ ಬಾಯಿಂದ ಕೇಳಿದ ಹ್ಯಾಂಡಲ್. ದಾರಿ ಯಾವುದಾದರೂ ಆಗಬಹುದು, ಅದು ಆ ಚಾನೆಲ್‌ನ ಒಳಗಿನಿಂದ ಶುರುವಾಗಿರಬಾರದು, ಅಷ್ಟೇ.

ಎಲ್ಲ ಹೋಲುವ ಚಾನೆಲ್‌ಗಳೂ ಮೋಸದವಲ್ಲ ಅನ್ನುವುದನ್ನೂ ಮರೆಯಬೇಡಿ. ಇಸ್ರೋದ ಮೇಲಿನ ಪ್ರೀತಿಗೆ ಅಭಿಮಾನಿಗಳು ನಡೆಸುವ ಚಾನೆಲ್‌ಗಳೂ ಇರುತ್ತವೆ. ‘ಇದು ಅಭಿಮಾನಿಗಳ ಚಾನೆಲ್, ಸಂಸ್ಥೆಗೂ ನಮಗೂ ಸಂಬಂಧವಿಲ್ಲ’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಅದು ಸೋಗು ಹಾಕಿದ ಹಾಗಲ್ಲ.

ಮಾಡಿ ನೋಡಿ

ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿಕೊಳ್ಳಿ. ನೀವು ಪಾಠಕ್ಕಾಗಿ ನೋಡುವ ಮೂರು ಚಾನೆಲ್ ಆರಿಸಿ. ಒಂದು ಸರ್ಕಾರಿ ಸಂಸ್ಥೆಯದು, ಒಂದು ನಿಮ್ಮ ರಾಜ್ಯದ ಶಿಕ್ಷಣ ಇಲಾಖೆಗೆ ಸೇರಿದ್ದು, ಇನ್ನೊಂದು ಖಾಸಗಿಯದು ಇರಲಿ. ಪ್ರತಿಯೊಂದಕ್ಕೂ ಐದು ವಿಷಯ ಬರೆಯಿರಿ: ಹ್ಯಾಂಡಲ್, Joined ದಿನಾಂಕ, ಅತಿ ಹಳೆಯ ವಿಡಿಯೊ ಎಷ್ಟು ಹಳೆಯದು, ಚಾನೆಲ್ ತೋರಿಸುವ ವೆಬ್‌ಸೈಟ್, ಆ ವೆಬ್‌ಸೈಟಿನಿಂದ ತಿರುಗಿ ಬಂದಾಗ ತೆರೆದ ಹ್ಯಾಂಡಲ್. ಪ್ರತಿ ವಿಷಯದ ಎದುರು ಅದನ್ನು ಬರೆದವರು ಚಾನೆಲ್‌ನವರೋ, ಯೂಟ್ಯೂಬೋ, ಹೊರಗಿನವರೋ ಅಂತ ಗುರುತು ಹಾಕಿ. ಬೇರೆ ಗುಂಪಿನವರಿಗೆ ಹಾಳೆ ಕೊಟ್ಟು, ‘ನಮ್ಮ ತೀರ್ಮಾನ ಸರಿಯೇ? ಯಾವ ಸಾಲಿನ ಆಧಾರದ ಮೇಲೆ?’ ಅಂತ ಕೇಳಿ. ಮೂರರಲ್ಲಿ ಒಂದಕ್ಕಾದರೂ ‘ಇಷ್ಟರಿಂದ ಹೇಳಲು ಬರುವುದಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ಹಾಗೆಯೇ ಬರೆದಿಡಿ. ಅದೂ ಸರಿಯಾದ ಉತ್ತರವೇ.